ಛೇದವನ್ನು ದಾಟುವ ಅತಿ ಹಗುರ ಅಂಚು

ಮೊದಲ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾದ ಮೊರಾವಿಯಾ ಪ್ರಾಂತದಲ್ಲಿ ವಿದ್ಯುತ್ ಜಾಲ ಹರಡತೊಡಗಿತ್ತು. ಹಲವಾರು ಊರುಗಳನ್ನು ಅತಿ ಕಡಿಮೆ ತಂತಿಯಲ್ಲಿ ಜೋಡಿಸುವುದು ಹೇಗೆ ಎಂಬ ಪ್ರಶ್ನೆ ವಿದ್ಯುತ್ ಕಂಪನಿಯಲ್ಲಿದ್ದ ಸ್ನೇಹಿತನಿಂದ ಬ್ರನೊ ನಗರದ ಗಣಿತಜ್ಞ ಒಟಕಾರ್ ಬೊರೂವ್ಕಾನ ಬಳಿಗೆ ಬಂತು. ಅವನು 1926ರಲ್ಲಿ ಉತ್ತರ ಪ್ರಕಟಿಸಿದ. ಪ್ರತಿ ಊರೂ ತನಗೆ ಅತಿ ಹತ್ತಿರದ ಊರಿಗೆ ತಂತಿ ಎಳೆಯಲಿ. ಹಾಗೆ ಕೂಡಿದ ಪ್ರತಿ ಗುಂಪೂ ತನಗೆ ಅತಿ ಹತ್ತಿರದ ಹೊರಗಿನ ಊರಿಗೆ ಎಳೆಯಲಿ. ಎಲ್ಲವೂ ಒಂದಾಗುವವರೆಗೆ ಇದೇ ನಡೆಯಲಿ. ಇಷ್ಟೇ ಅವನ ವಿಧಾನ. ಆದರೆ ಇದು ಸರಿ ಎಂದು ತೋರಿಸಲು ಅವನಿಗೆ ಬಹಳ ಪುಟಗಳು ಬೇಕಾದವು. ಗ್ರಾಫ್ ಎಂಬ ಭಾಷೆ ಇನ್ನೂ ವ್ಯಾಪಕ ಬಳಕೆಗೆ ಬಂದಿರಲಿಲ್ಲ. ಎಲ್ಲವನ್ನೂ ದೂರಗಳ ಕೋಷ್ಟಕದ ಮೂಲಕವೇ ಹೇಳಬೇಕಿತ್ತು.

ಕೆಲವು ವರ್ಷಗಳ ನಂತರ ವೊಯ್ಟೆಖ್ ಯಾರ್ನಿಕ್ ಬೊರೂವ್ಕಾನಿಗೆ ಬರೆದ ಪತ್ರದಲ್ಲಿ ಇನ್ನೊಂದು ದಾರಿ ತೋರಿಸಿದ: ಒಂದೇ ಊರಿನಿಂದ ಹೊರಟು ಒಂದೇ ಗುಂಪನ್ನು ಬೆಳೆಸುತ್ತ ಹೋಗುವುದು. ಅದು 1930ರಲ್ಲಿ ಅಚ್ಚಾಯಿತು. ಎರಡೂ ಬರಹಗಳು ಚೆಕ್ ಭಾಷೆಯಲ್ಲಿದ್ದವು, ಹೆಚ್ಚು ಮಂದಿ ಓದಲಿಲ್ಲ. 1956ರಲ್ಲಿ ಜೋಸೆಫ್ ಕ್ರಸ್ಕಲ್ ಎಲ್ಲ ಅಂಚುಗಳನ್ನೂ ಹಗುರದಿಂದ ಭಾರಕ್ಕೆ ಸಾಲಾಗಿಟ್ಟು, ಸುತ್ತು ಉಂಟುಮಾಡದ್ದನ್ನು ಮಾತ್ರ ಆರಿಸುವ ವಿಧಾನ ಕೊಟ್ಟ. ಮರುವರ್ಷ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಪ್ರಿಮ್, 1959ರಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ, ಯಾರ್ನಿಕ್‌ನ ದಾರಿಯನ್ನೇ ಸ್ವತಂತ್ರವಾಗಿ ಮತ್ತೆ ಕಂಡರು. ಇವರಲ್ಲಿ ಪ್ರಿಮ್‌ನ ಬರಹ ನನಗೆ ಮುಖ್ಯವೆನಿಸುತ್ತದೆ. ಬೇರೆಯಾಗಿ ನಿಂತ ಯಾವುದೇ ತುಣುಕನ್ನು ಅದಕ್ಕೆ ಅತಿ ಹತ್ತಿರದ ಹೊರಗಿನ ಬಿಂದುವಿಗೆ ಜೋಡಿಸಬಹುದು ಎಂಬುದನ್ನು ಅವನು ವಿಧಾನದಿಂದ ಬಿಡಿಸಿ ಒಂದು ಸ್ವತಂತ್ರ ತತ್ವವಾಗಿ ಹೇಳಿದ. ಯಾವ ಕ್ರಮದಲ್ಲಿ ಜೋಡಿಸಿದರೂ ಸರಿ ಎಂಬುದು ಅದರಿಂದ ಹೊಳೆಯಿತು.

ಆ ತತ್ವವನ್ನು ಇಂದು ಹೀಗೆ ಹೇಳುತ್ತೇವೆ. ಬಿಂದುಗಳನ್ನು ಎರಡು ಪಾಲು ಮಾಡಿ; ಯಾವ ಪಾಲೂ ಖಾಲಿ ಇರಬಾರದು. ಈ ವಿಂಗಡಣೆಗೆ ಛೇದ ಎಂದು ಹೆಸರು. ಅಂಚುಗಳ ಭಾರಗಳೆಲ್ಲ ಬೇರೆ ಬೇರೆ ಇದ್ದರೆ, ಛೇದವನ್ನು ದಾಟುವ ಅಂಚುಗಳಲ್ಲಿ ಅತಿ ಹಗುರವಾದದ್ದು ಕನಿಷ್ಠ ಮರದಲ್ಲಿ, ಅಂದರೆ ಮಿನಿಮಮ್ ಸ್ಪ್ಯಾನಿಂಗ್ ಟ್ರೀಯಲ್ಲಿ, ಇದ್ದೇ ಇರುತ್ತದೆ.

ಸಾಧನೆ ಚಿಕ್ಕದು, ಆದರೆ ಅದರಲ್ಲಿ ಒಂದು ಕಡೆ ಕಾಲು ಜಾರುತ್ತದೆ. ಕ, ಖ, ಗ, ಘ ಎಂಬ ನಾಲ್ಕು ಬಿಂದುಗಳನ್ನು ತೆಗೆದುಕೊಳ್ಳೋಣ. ಗಘ ಅಂಚಿನ ಭಾರ 1, ಕಗ 2, ಖಘ 4, ಕಘ 5, ಕಖ 6. ಒಂದು ಪಾಲಿನಲ್ಲಿ ಕ, ಖ. ಇನ್ನೊಂದರಲ್ಲಿ ಗ, ಘ. ಛೇದವನ್ನು ದಾಟುವವು ಕಗ, ಖಘ, ಕಘ. ಅತಿ ಹಗುರ ಕಗ. ಈಗ ಯಾರೋ ಗಘ, ಖಘ, ಕಘ ಎಂಬ ಮರವನ್ನು ತಂದು, ಒಟ್ಟು ಭಾರ 10, ಇದೇ ಕನಿಷ್ಠ ಎನ್ನುತ್ತಾರೆ ಎಂದುಕೊಳ್ಳಿ. ಅದರಲ್ಲಿ ಕಗ ಇಲ್ಲ.

ಕಗ ಸೇರಿಸಿ, ಛೇದವನ್ನು ದಾಟುವ ಹಳೆಯ ಅಂಚೊಂದನ್ನು ಕಿತ್ತುಹಾಕಿ. ಹೊಸದು ಹಗುರವಾದ್ದರಿಂದ ಮೊತ್ತ ಇಳಿಯಿತು, ವಿರೋಧ ಬಂತು. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಸಾಧನೆ ಹೀಗೆ ಬರುವುದುಂಟು, ಮತ್ತು ಅದು ತಪ್ಪು. ಇಲ್ಲಿ ಖಘ ಕೂಡ ಛೇದವನ್ನು ದಾಟುತ್ತದೆ. ಅದನ್ನು ಕಿತ್ತರೆ ಖ ಒಂಟಿಯಾಗುತ್ತದೆ, ಕ, ಗ, ಘ ನಡುವೆ ಸುತ್ತು ಹಾಗೇ ಉಳಿಯುತ್ತದೆ. ಉಳಿದದ್ದು ಮರವೇ ಅಲ್ಲ. ಅದರ ಮೊತ್ತವನ್ನು ಮರದ ಮೊತ್ತದೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಸರಿಯಾದ ಹೆಜ್ಜೆ ಸುತ್ತಿನೊಳಗೇ ಇದೆ. ಮರದಲ್ಲಿ ಯಾವುದೇ ಎರಡು ಬಿಂದುಗಳ ನಡುವೆ ಒಂದೇ ಒಂದು ದಾರಿ ಇರುತ್ತದೆ. ಕದಿಂದ ಗಕ್ಕೆ ಇರುವ ದಾರಿ ಘದ ಮೂಲಕ. ಈ ದಾರಿ ಒಂದು ಪಾಲಿನಲ್ಲಿ ಹೊರಟು ಇನ್ನೊಂದರಲ್ಲಿ ಮುಗಿಯುವುದರಿಂದ ಎಲ್ಲೋ ಒಂದೆಡೆ ಛೇದವನ್ನು ದಾಟಲೇಬೇಕು. ಇಲ್ಲಿ ಅದು ದಾಟುವುದು ಕಘದಲ್ಲಿ. ಕಗ ಸೇರಿಸಿದಾಗ ಈ ದಾರಿಯೇ ಸುತ್ತಾಗುತ್ತದೆ, ಸುತ್ತಿನ ಯಾವ ಅಂಚನ್ನು ತೆಗೆದರೂ ಸಂಪರ್ಕ ಕಡಿಯುವುದಿಲ್ಲ. ಆದ್ದರಿಂದ ಕಘ ತೆಗೆದರೆ ಉಳಿಯುವುದು ಮರವೇ: ಗಘ, ಖಘ, ಕಗ. ಮೊತ್ತ 7. ಕಗ ಛೇದದ ಅತಿ ಹಗುರ ಅಂಚಾದ್ದರಿಂದ, ದಾರಿಯಲ್ಲಿ ಸಿಕ್ಕ ದಾಟುವ ಅಂಚು ಯಾವುದಾಗಿದ್ದರೂ ಕಗಕ್ಕಿಂತ ಭಾರವೇ. ಹಾಗಾಗಿ ಕಗ ಇಲ್ಲದ ಮರ ಕನಿಷ್ಠವಾಗಿರಲು ಸಾಧ್ಯವಿಲ್ಲ. ತೆಗೆಯುವ ಅಂಚು ಛೇದವನ್ನು ದಾಟಬೇಕು, ಸುತ್ತಿನಲ್ಲೂ ಇರಬೇಕು. ಈ ಎರಡೂ ಷರತ್ತು ಕೂಡಿದಲ್ಲೇ ಸಾಧನೆ ನಿಲ್ಲುತ್ತದೆ.

ಕನಿಷ್ಠ ಮರದಲ್ಲಿ ಖಘ ಉಳಿದಿದೆ ಎಂಬುದನ್ನೂ ಗಮನಿಸಿ. ಅದು ಈ ಛೇದದ ಹಗುರ ಅಂಚಲ್ಲ. ಒಂದು ಛೇದ ತನ್ನ ಅತಿ ಹಗುರ ಅಂಚನ್ನು ಒಳಗೆ ಕರೆಯುತ್ತದೆ, ಉಳಿದವನ್ನು ಹೊರಗಟ್ಟುವುದಿಲ್ಲ. ಖ ಒಂದನ್ನೇ ಬೇರೆ ಮಾಡಿದ ಛೇದದಲ್ಲಿ ದಾಟುವವು ಖಘ, ಕಖ ಎರಡೇ. ಅಲ್ಲಿ ಖಘ ಹಗುರ. ಕನಿಷ್ಠ ಮರದ ಪ್ರತಿ ಅಂಚಿಗೂ ಅದನ್ನು ಹೀಗೆ ಸಮರ್ಥಿಸುವ ಛೇದವೊಂದು ಸಿಗುತ್ತದೆ: ಆ ಅಂಚನ್ನು ತೆಗೆದಾಗ ಮರ ಒಡೆಯುವ ಎರಡು ಪಾಲುಗಳೇ ಆ ಛೇದ.

ಸಾಧನೆಯಲ್ಲಿ ನಾವು ಭಾರಗಳನ್ನು ಹೋಲಿಸಿದ್ದಷ್ಟೇ. ಹೀಗಾಗಿ ಋಣ ಭಾರಗಳಿದ್ದರೂ ಅದು ಅಲುಗುವುದಿಲ್ಲ. ಡೈಕ್‌ಸ್ಟ್ರಾನ ಅದೇ 1959ರ ಬರಹದಲ್ಲಿರುವ ಅತಿ ಹತ್ತಿರದ ದಾರಿಯ ವಿಧಾನಕ್ಕೆ ಈ ಸ್ವಾತಂತ್ರ್ಯವಿಲ್ಲ.

ಆದರೆ ಭಾರಗಳು ಸಮನಾದರೆ ಎಚ್ಚರ ಬೇಕು. ಆಗ ಹಗುರ ಅಂಚು ‘ಯಾವುದಾದರೂ ಒಂದು’ ಕನಿಷ್ಠ ಮರದಲ್ಲಿ ಇರುತ್ತದೆ ಎಂದಷ್ಟೇ ಹೇಳಬಹುದು, ಪ್ರತಿ ಕನಿಷ್ಠ ಮರದಲ್ಲೂ ಎನ್ನಲಾಗದು. ಮೂರೂ ಅಂಚುಗಳ ಭಾರ 1 ಇರುವ ತ್ರಿಕೋನದಲ್ಲಿ ಬೊರೂವ್ಕಾನ ವಿಧಾನ ನಡೆಸಿ ನೋಡಿ: ಕ ಖವನ್ನು ಆರಿಸಬಹುದು, ಖ ಗವನ್ನು, ಗ ಕವನ್ನು, ಸುತ್ತು ಬಂದುಬಿಟ್ಟಿತು. ಬೊರೂವ್ಕಾ ಎಲ್ಲ ದೂರಗಳೂ ಬೇರೆ ಎಂದು ಮೊದಲೇ ಊಹಿಸಿಕೊಂಡಿದ್ದ. ಪ್ರೋಗ್ರಾಂ ಬರೆಯುವವರು ಸಮಭಾರದ ಅಂಚುಗಳಿಗೆ ಕ್ರಮಸಂಖ್ಯೆ ಕೊಟ್ಟು, ಭಾರ ಸಮನಾದಾಗ ಚಿಕ್ಕ ಸಂಖ್ಯೆಯದ್ದೇ ಹಗುರ ಎಂದು ತೀರ್ಮಾನಿಸಿದರೆ ಸಾಕು.

ಬಿಡಿಬಿಡಿಯಾಗಿದ್ದ ವಿಧಾನಗಳನ್ನು ಈ ಸಾಧನೆಯ ಕೆಳಗೆ ಒಟ್ಟಿಗೆ ತಂದದ್ದು 1983ರ ರಾಬರ್ಟ್ ಟಾರ್ಜನ್‌ನ ಪುಸ್ತಕ. ಛೇದದ ಹಗುರ ಅಂಚಿಗೆ ನೀಲಿ ಬಣ್ಣ, ಸುತ್ತಿನ ಅತಿ ಭಾರದ ಅಂಚಿಗೆ ಕೆಂಪು. ನೀಲಿ ಒಳಗೆ, ಕೆಂಪು ಹೊರಗೆ. ಯಾರ್ನಿಕ್‌ನ ಛೇದ ಬೆಳೆಯುತ್ತಿರುವ ಒಂದು ಗುಂಪು, ಬೊರೂವ್ಕಾನದು ಒಂದೇ ಸಲಕ್ಕೆ ಹಲವು ಗುಂಪು, ಕ್ರಸ್ಕಲ್‌ನದು ಆ ಕ್ಷಣದ ಅಂಚಿನ ಒಂದು ತುದಿಯಿರುವ ಗುಂಪು. 1995ರಲ್ಲಿ ಡೇವಿಡ್ ಕಾರ್ಗರ್, ಫಿಲಿಪ್ ಕ್ಲೈನ್, ಟಾರ್ಜನ್ ಸೇರಿ ಬೊರೂವ್ಕಾನ ನೀಲಿ ಹೆಜ್ಜೆಗಳನ್ನೂ, ಯಾದೃಚ್ಛಿಕವಾಗಿ ಆರಿಸಿದ ಅಂಚುಗಳ ನೆರವಿನಿಂದ ಕೆಂಪು ನಿಯಮವನ್ನೂ ಬೆಸೆದರು. ಅವರ ವಿಧಾನಕ್ಕೆ ಬೇಕಾಗುವ ಕಾಲ, ಸರಾಸರಿಯಲ್ಲಿ, ಅಂಚುಗಳ ಸಂಖ್ಯೆಗೆ ಅನುಪಾತದಲ್ಲಷ್ಟೇ ಬೆಳೆಯುತ್ತದೆ.

ಅಂಚುಗಳಿಗೆ ದಿಕ್ಕು ಬಂದ ಕೂಡಲೇ ತತ್ವ ಕುಸಿಯುತ್ತದೆ. ಮೂಲದಿಂದ ಕಕ್ಕೆ 10, ಮೂಲದಿಂದ ಖಕ್ಕೆ 8, ಕದಿಂದ ಖಕ್ಕೆ 1, ಖದಿಂದ ಕಕ್ಕೆ 9 ಎಂದಿರಲಿ. ಮೂಲದಿಂದ ಹೊರಡುವ ಹಗುರ ಅಂಚು 8ರದ್ದು. ಆದರೆ ಎಲ್ಲ ಬಿಂದುಗಳನ್ನೂ ತಲುಪುವ ಅತಿ ಅಗ್ಗದ ಮರ 10 ಮತ್ತು 1 ಸೇರಿದ 11ರದ್ದು. 8ನ್ನು ಹಿಡಿದರೆ 17ಕ್ಕಿಂತ ಕೆಳಗೆ ಬರಲಾಗದು. ಸುತ್ತಿನ ದಾರಿಯಲ್ಲಿ ಹಿಂದಕ್ಕೆ ನಡೆಯಲಾಗದ ಕಾರಣ ಅಂಚು ಬದಲಿಸುವ ಹೆಜ್ಜೆಯೇ ಇಲ್ಲಿ ಸಿಗುವುದಿಲ್ಲ. ಇದಕ್ಕೆ ಬೇರೆಯೇ ವಿಧಾನ ಬೇಕಾಯಿತು; ಅದನ್ನು 1965ರಲ್ಲಿ ಚು ಮತ್ತು ಲಿಯು, 1967ರಲ್ಲಿ ಜ್ಯಾಕ್ ಎಡ್ಮಂಡ್ಸ್ ಕೊಟ್ಟರು.

ದಿಕ್ಕಿಲ್ಲದ ಮೂಲ ಪ್ರಶ್ನೆಗೆ ಸೆತ್ ಪೆಟಿ ಮತ್ತು ವಿಜಯಾ ರಾಮಚಂದ್ರನ್ 2002ರಲ್ಲಿ, ಯಾದೃಚ್ಛಿಕತೆಯಿಲ್ಲದೆ, ಹೋಲಿಕೆಗಳಿಂದ ಸಾಧ್ಯವಿರುವಷ್ಟೂ ವೇಗದ ವಿಧಾನವನ್ನು ಕೊಟ್ಟು, ಅದಕ್ಕಿಂತ ಉತ್ತಮವಾದದ್ದು ಸಾಧ್ಯವಿಲ್ಲ ಎಂದೂ ಸಾಧಿಸಿದರು. ಅದು ನಿಖರವಾಗಿ ಎಷ್ಟು ಕಾಲ ತೆಗೆದುಕೊಳ್ಳುತ್ತದೆ ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.