ದಾಸ್ತಾನಿನಲ್ಲಿ ಉಳಿಯುವ ಸ್ಥಿರ ವೆಚ್ಚ: ಮಲೆನಾಡಿನ ಅಡಿಕೆ ಸಂಸ್ಕರಣೆಯ ಲೆಕ್ಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಕಟ್ಟಿ ಒಣಗಿಸುವ ಕೆಲಸ ಬೇಸಿಗೆಯ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಮಾರಾಟ ಮಾತ್ರ ದರ ನೋಡಿಕೊಂಡು ನಡೆಯುವಂಥದ್ದು. ಹೀಗಾಗಿ ಮಾರ್ಚ್ 31ರಂದು ಲೆಕ್ಕ ಮುಗಿಸುವಾಗ ಮೂಟೆಗಳು ಗೋದಾಮಿನಲ್ಲೇ ಇರುತ್ತವೆ. ಒಂದೇ ವ್ಯಾಪಾರಕ್ಕೆ ಎರಡು ಲಾಭ ಕಾಣಿಸುವುದು ಇಲ್ಲಿಂದಲೇ.

ಹಸಿ ಅಡಿಕೆ ಕೊಂಡು ಸಂಸ್ಕರಿಸುವ ಒಂದು ಘಟಕವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಕ್ವಿಂಟಲಿಗೆ ಮಾರಾಟದ ದರ ₹48,000. ಹಸಿ ಅಡಿಕೆ, ಸುಲಿಯುವ ಕೂಲಿ, ಸೌದೆ ಸೇರಿ ಚರ ವೆಚ್ಚ ₹44,000. ಶೆಡ್ಡಿನ ಬಾಡಿಗೆ, ಯಂತ್ರದ ಸವಕಳಿ, ಮೇಸ್ತ್ರಿಯ ಸಂಬಳ ಸೇರಿ ವರ್ಷದ ಸ್ಥಿರ ಉತ್ಪಾದನಾ ವೆಚ್ಚ ₹6 ಲಕ್ಷ. ಸಾಮಾನ್ಯ ಸಾಮರ್ಥ್ಯ 400 ಕ್ವಿಂಟಲ್ ಆದ್ದರಿಂದ ಪ್ರತಿ ಕ್ವಿಂಟಲಿಗೆ ₹1,500 ಸ್ಥಿರ ವೆಚ್ಚ ಅಂಟುತ್ತದೆ.

ಮೊದಲ ವರ್ಷ 400 ಕ್ವಿಂಟಲ್ ತಯಾರಾಗಿ 250 ಮಾರಾಟವಾಯಿತು ಎನ್ನೋಣ. ಚರ ವೆಚ್ಚ ಪದ್ಧತಿ ₹6 ಲಕ್ಷವನ್ನೂ ಆ ವರ್ಷದ ಖರ್ಚಿಗೇ ಹಾಕುವುದರಿಂದ ಲಾಭ ₹4 ಲಕ್ಷ. ಅಬ್ಸಾರ್ಪ್ಷನ್ ಕಾಸ್ಟಿಂಗ್ ಎನ್ನುವ ಪೂರ್ಣ ವೆಚ್ಚ ಪದ್ಧತಿಯಲ್ಲಿ ₹6.25 ಲಕ್ಷ. ನಡುವಿನ ₹2.25 ಲಕ್ಷ ಎಲ್ಲೂ ಕಳೆದಿಲ್ಲ. ಉಳಿದ 150 ಕ್ವಿಂಟಲಿನ ಬೆಲೆಯೊಳಗೆ ಸೇರಿ ಮುಂದಿನ ವರ್ಷಕ್ಕೆ ದಾಟಿದೆ. ಈ ಹೆಚ್ಚುವರಿ ಲಾಭ ಕೈಗೆ ಬಂದ ಹಣವಲ್ಲ.

ಎರಡನೇ ವರ್ಷ ಫಸಲು ಕಡಿಮೆಯಾಗಿ 300 ಕ್ವಿಂಟಲ್ ತಯಾರಾಯಿತು, 420 ಮಾರಾಟವಾಯಿತು, 30 ಉಳಿಯಿತು. ಚರ ವೆಚ್ಚದ ಲಾಭ ₹10.80 ಲಕ್ಷ. ಪೂರ್ಣ ವೆಚ್ಚದಲ್ಲಿ ₹10.50 ಲಕ್ಷದಿಂದ, ಫಸಲಿಲ್ಲದೆ ಹೊಂದಿಕೆಯಾಗದೆ ಉಳಿದ ₹1.50 ಲಕ್ಷ ಕಳೆದು ₹9 ಲಕ್ಷ. ಆರಂಭಿಕ ದಾಸ್ತಾನಿನಲ್ಲಿದ್ದ ₹2.25 ಲಕ್ಷ ಹೊರಬಂತು, ಅಂತಿಮ ದಾಸ್ತಾನಿಗೆ ₹45,000 ಹೋಯಿತು: ವ್ಯತ್ಯಾಸ ₹1.80 ಲಕ್ಷ, ಲೆಕ್ಕ ತಾಳೆಯಾಗುತ್ತದೆ.

ಎಡವುವುದು ಇಲ್ಲೇ. ಇಳುವರಿ ಕುಸಿದ ವರ್ಷ ₹6 ಲಕ್ಷವನ್ನು 300ರಿಂದ ಭಾಗಿಸಿದರೆ ದರ ₹2,000 ಆಗಿ, ಅಂತಿಮ ದಾಸ್ತಾನು ₹15,000 ಉಬ್ಬುತ್ತದೆ, ಲಾಭವೂ ಅಷ್ಟೇ. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಲೆಕ್ಕಪತ್ರ ಮಾನದಂಡ 2 ಇದನ್ನು ಒಪ್ಪುವುದಿಲ್ಲ. ಸಾಮಾನ್ಯ ಸಾಮರ್ಥ್ಯದ ದರವನ್ನೇ ಹಿಡಿದು, ಹೊಂದಿಕೆಯಾಗದ ಭಾಗವನ್ನು ಆ ವರ್ಷದ ಖರ್ಚಿಗೆ ಹಾಕಬೇಕು.

ಅಡಿಕೆಗೆ ಇನ್ನೊಂದು ತೊಡಕಿದೆ. ತೇವ ಆರಿದಂತೆ ತೂಕ ಇಳಿಯುತ್ತದೆ. ಮೊದಲ ವರ್ಷಾಂತ್ಯದ ತಕ್ಕಡಿಯಲ್ಲಿ 150ರ ಬದಲು 148 ಬಂದರೆ, ತಯಾರಿಯಿಂದ ಮಾರಾಟ ಕಳೆದು ಮಾಡಿದ ಲೆಕ್ಕ ₹3,000 ತಪ್ಪಿ ನಿಲ್ಲುತ್ತದೆ. ಆದ್ದರಿಂದ ತಾಳೆ ನೋಡಬೇಕಾದದ್ದು ದಾಸ್ತಾನಿನ ಪಟ್ಟಿಯಲ್ಲಿ ನಿಜಕ್ಕೂ ಕೂತಿರುವ ಸ್ಥಿರ ವೆಚ್ಚದೊಂದಿಗೆ. ಒಣಗಿ ಸಿದ್ಧವಾದ ಮಾಲನ್ನು ದರಕ್ಕಾಗಿ ಕಾಯಿಸುವ ಗೋದಾಮಿನ ಬಾಡಿಗೆಯನ್ನು ಈ ₹1,500ರೊಳಗೆ ಸೇರಿಸುವಂತಿಲ್ಲ; ಅದು ಎರಡೂ ಪದ್ಧತಿಗಳಲ್ಲಿ ಆಯಾ ವರ್ಷದ ಖರ್ಚೇ.