‘ಮಾತ್ರ’ ಇಲ್ಲದ ಕರೆಯೋಲೆ

ನಾವು ಆರತಕ್ಷತೆ ಎಂದೋ ರಿಸೆಪ್ಷನ್ ಎಂದೋ ಕರೆಯುವುದಕ್ಕೆ ಜಪಾನೀಯರು ‘ಹಿರೋಎನ್’ ಎನ್ನುತ್ತಾರೆ. ‘ಎನ್’ ಎಂದರೆ ಔತಣ. ‘ಹಿರೋ’ ಎಂಬುದನ್ನು ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲನೆಯದಕ್ಕೆ ಬಿಚ್ಚುವುದು ಎಂದೂ, ಎರಡನೆಯದಕ್ಕೆ ಹೊರಗೆ ಕಾಣುವಂತೆ ಮಾಡುವುದು ಎಂದೂ ಅರ್ಥ. ಮಧ್ಯಯುಗದ ಜಪಾನಿನಲ್ಲಿ ದೊಡ್ಡ ಒಡೆಯರಿಗೆ ನೇರವಾಗಿ ಕಾಗದ ಬರೆಯುವುದು ಅವಿನಯವಾಗಿತ್ತು. ಅವರ ಆಪ್ತನ ಹೆಸರಿಗೆ ಬರೆದು, ‘ಈ ವಿಷಯವನ್ನು ಒಡೆಯರಿಗೆ ಹಿರೋ ಮಾಡಬೇಕು’ ಎಂದು ಬಿನ್ನವಿಸಿಕೊಳ್ಳುತ್ತಿದ್ದರು. ಬಿಚ್ಚಿ, ಅವರ ಮುಂದಿಟ್ಟು, ತಿಳಿಯಪಡಿಸಿ ಎಂದು. ಅಂಥ ಕಾಗದಗಳಿಗೆ ಹಿರೋಜೋ ಎಂದೇ ಹೆಸರು.

ಪದ ಇಂದಿಗೂ ಚುರುಕಾಗಿ ಓಡಾಡಿಕೊಂಡಿದೆ. ಕಬೂಕಿ ನಟ ಮನೆತನದ ಹಿರಿಯ ಹೆಸರನ್ನು ಹೊತ್ತುಕೊಂಡಾಗ ನಡೆಯುವ ಪ್ರದರ್ಶನ ‘ಶೂಮೆಯ್ ಹಿರೋ’. 2022ರ ನವೆಂಬರಿನಲ್ಲಿ ಟೋಕಿಯೊದ ಕಬೂಕಿಝಾ ರಂಗಮಂದಿರದಲ್ಲಿ ಹದಿಮೂರನೆಯ ಇಚಿಕಾವಾ ದಾಂಜೂರೋ ತನ್ನ ಹೊಸ ಹೆಸರನ್ನು ಹೀಗೆಯೇ ಸಾರಿಕೊಂಡದ್ದು. ಹೆಸರು ಮನೆಯೊಳಗೆ ಸಿಕ್ಕಿದ್ದರೂ ನೋಡುಗರ ಎದುರು ಹೇಳುವವರೆಗೆ ಕೆಲಸ ಪೂರ್ತಿಯಾಗದು. ಮದುವೆಯ ಹಿರೋಎನ್ ಕೂಡ ಇದೇ ಜಾತಿಯದು. ಸಂಸ್ಕಾರ ಒಳಗೆ ಆಗುತ್ತದೆ. ಸಾರುವುದು ಹೊರಗಿನವರ ಮುಂದೆ.

ಪದದ ಈ ಗುಣ ಗೊತ್ತಿದ್ದರೆ ಮದುವೆ ಪತ್ರಿಕೆಯ ಒಂದು ಕಷ್ಟ ಹಗುರಾಗುತ್ತದೆ. ಟೋಕಿಯೊದ ಕಂಪನಿಯೊಂದರಲ್ಲಿರುವ ಕನ್ನಡದ ಹುಡುಗ ಅಲ್ಲಿಯ ಹುಡುಗಿಯನ್ನು ಮದುವೆಯಾಗುತ್ತಾನೆ ಎಂದಿಟ್ಟುಕೊಳ್ಳಿ. ಮಧ್ಯಾಹ್ನ 12 ಗಂಟೆಗೆ ಶಿಂತೋ ದೇಗುಲದಲ್ಲಿ ಸಂಸ್ಕಾರ. ಅಲ್ಲಿ ಕೂರುವ ಜಾಗ ಎಣಿಕೆಯದು, ರೂಢಿಯಂತೆ ಅದು ಎರಡೂ ಕಡೆಯ ನೆಂಟರಿಗೆ. 2 ಗಂಟೆಗೆ ಹೋಟೆಲಿನಲ್ಲಿ ಹಿರೋಎನ್. ಆಫೀಸಿನವರು, ಹಳೆಯ ಗುರುಗಳು, ಪರಿಚಯದವರು ಬರಬೇಕಾದದ್ದು ಅದಕ್ಕೆ. ನಮ್ಮ ಹುಡುಗ ಊರಿನ ಪತ್ರಿಕೆಯ ಅಭ್ಯಾಸದಲ್ಲಿ ಎರಡೂ ಹೊತ್ತನ್ನು ಒಂದೇ ಹಾಳೆಯಲ್ಲಿ ಬರೆದು, ಕೆಳಗೆ ‘ಸಂಸ್ಕಾರವು ಕುಟುಂಬದವರಿಗೆ ಮಾತ್ರ, ತಾವು ದಯವಿಟ್ಟು ಔತಣಕ್ಕೆ ಬನ್ನಿ’ ಎಂದು ಸೇರಿಸುತ್ತಾನೆ. ಓದಿದವರಲ್ಲಿ ಅರ್ಧ ಜನ 12 ಗಂಟೆಯನ್ನೇ ನೆನಪಿಟ್ಟುಕೊಂಡು ದೇಗುಲದ ಬಾಗಿಲಲ್ಲಿ ನಿಲ್ಲುತ್ತಾರೆ. ಉಳಿದರ್ಧಕ್ಕೆ ‘ಮಾತ್ರ’ ಎಂಬ ಪದ ಚುಚ್ಚುತ್ತದೆ.

ಜಪಾನೀ ಪದ್ಧತಿಯಲ್ಲಿ ಈ ಹಾಳೆಯೇ ಹುಟ್ಟುವುದಿಲ್ಲ. ಅಲ್ಲಿ ಎಲ್ಲರಿಗೂ ಹೋಗುವ ಮುಖ್ಯ ಪತ್ರಿಕೆ ಹಿರೋಎನ್‌ನದೇ. ಚಿಕ್ಕಪ್ಪನಿಗೂ ಅದೇ, ಮೇಲಧಿಕಾರಿಗೂ ಅದೇ. ಸಂಸ್ಕಾರಕ್ಕೂ ಬರಬೇಕಾದವರ ಲಕೋಟೆಯೊಳಗೆ ‘ಫುಸೆನ್’ ಎಂಬ ಪುಟ್ಟ ಚೀಟಿಯೊಂದನ್ನು ಬೇರೆಯಾಗಿ ಇಡುತ್ತಾರೆ: ‘ತಮಗೆ ತೊಂದರೆ ಕೊಡುತ್ತಿದ್ದೇವೆ, ಅಂದು ಮಧ್ಯಾಹ್ನ 12ಕ್ಕೆ ನಡೆಯುವ ಸಂಸ್ಕಾರದಲ್ಲೂ ತಾವಿರಬೇಕೆಂದು ಕೋರುತ್ತೇವೆ, 11:30ಕ್ಕೆ ಬಂದು ಸೇರಿರಿ.’ ಹಿರೋಎನ್‌ನಲ್ಲಿ ನಾಲ್ಕು ಮಾತಾಡಬೇಕಾದವರಿಗೂ ಇಂಥದೇ ಇನ್ನೊಂದು ಚೀಟಿ. ಚೀಟಿ ಇಲ್ಲದ ಲಕೋಟೆ ತೆರೆದವನಿಗೆ ತನ್ನನ್ನು ಯಾವುದರಿಂದಲೋ ಬಿಟ್ಟಿದ್ದಾರೆ ಎನ್ನುವ ಸಾಲು ಎಲ್ಲಿಯೂ ಸಿಗದು. ಅವನ ಕೈಯಲ್ಲಿರುವುದು ತುಂಬು ಆಹ್ವಾನ. ಹೊರಗಿಡುವ ಮಾತನ್ನು ಹೇಗೆ ಮೆತ್ತಗೆ ಹೇಳಬೇಕು ಎಂದು ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಅವರು ಆ ಮಾತೇ ಬೇಡವಾಗುವಂತೆ ಕಾಗದವನ್ನು ಜೋಡಿಸಿಟ್ಟಿದ್ದಾರೆ. ನನಗೆ ಇದು ಬಹಳ ದೊಡ್ಡ ಸೌಜನ್ಯವಾಗಿ ಕಾಣುತ್ತದೆ.

ಮುಖ್ಯ ಪತ್ರಿಕೆಯ ಒಕ್ಕಣೆಯೂ ನೋಡುವಂಥದು. ಋತುವಿನ ಒಂದು ಸಾಲು, ಕ್ಷೇಮ ಸಮಾಚಾರ, ಆಮೇಲೆ ‘ನಾವಿಬ್ಬರು ಮದುವೆಯಾಗುತ್ತಿದ್ದೇವೆ, ತಾವು ನಮ್ಮ ಮೇಲಿಟ್ಟ ಪ್ರೀತಿಗೆ ಕೃತಜ್ಞತೆಯಾಗಿ ಪುಟ್ಟದೊಂದು ಹಿರೋ ಔತಣ ಏರ್ಪಡಿಸಿದ್ದೇವೆ’ ಎಂಬ ನಿವೇದನೆ. ಐಷಾರಾಮಿ ಹೋಟೆಲಿನ ಊಟವಾದರೂ ಪತ್ರಿಕೆಯಲ್ಲಿ ಅದು ಪುಟ್ಟ ಔತಣವೇ. ಇಡೀ ಒಕ್ಕಣೆಯಲ್ಲಿ ಅಲ್ಪವಿರಾಮವಿಲ್ಲ, ಪೂರ್ಣವಿರಾಮವಿಲ್ಲ. ವಿರಾಮಚಿಹ್ನೆ ಮಾತನ್ನು ತುಂಡರಿಸುತ್ತದೆ, ಮುಗಿಸುತ್ತದೆ; ಮದುವೆಯಲ್ಲಿ ತುಂಡಾಗುವುದೂ ಮುಗಿಯುವುದೂ ಬೇಡ. ಆ ಜಾಗದಲ್ಲಿ ಸ್ವಲ್ಪ ಬಿಳಿ ಬಿಡುತ್ತಾರೆ, ಇಲ್ಲವೇ ಸಾಲು ಬದಲಿಸುತ್ತಾರೆ. ಕಡಿ, ಅಗಲು, ಮರಳಿಹೋಗು ಎಂಬ ಅರ್ಥದ ಪದಗಳೂ ನಿಷಿದ್ಧ. ‘ಮತ್ತೆ ಮತ್ತೆ’ ಎಂಬಂಥ ಜೋಡಿ ಪದಗಳು ಕೂಡದು, ಮದುವೆಯೇ ಮತ್ತೊಮ್ಮೆ ನಡೆದೀತೆಂಬ ಅಂಜಿಕೆ. ‘ತಮ್ಮ ಬಿಡುವಿಲ್ಲದ ಕೆಲಸದ ನಡುವೆ’ ಎನ್ನುವಾಗ ಕೂಡ ರೂಢಿಯ ಪದವೊಂದನ್ನು ಬಿಟ್ಟು ಬೇರೊಂದನ್ನು ಆರಿಸುತ್ತಾರೆ, ಏಕೆಂದರೆ ಮೊದಲಿನದರ ಅಕ್ಷರದೊಳಗೆ ಅಳಿವನ್ನು ಸೂಚಿಸುವ ಭಾಗವೊಂದು ಅಡಗಿದೆ.

ಪತ್ರಿಕೆ ಹೋಗುವುದು ಸುಮಾರು ಎರಡು ತಿಂಗಳು ಮುಂಚೆ. ಜೊತೆಗೆ ಉತ್ತರದ ಕಾರ್ಡು ಇರುತ್ತದೆ, ಅದು ಒಂದು ತಿಂಗಳ ಮುಂಚೆ ಮರಳಿ ಬರಬೇಕು. ಊಟ ತಲೆಗೆ ಎಣಿಸಿದ್ದು, ಪ್ರತಿ ಕುರ್ಚಿಯ ಮುಂದೆ ಹೆಸರಿನ ಚೀಟಿ. ಹಾಗಾಗಿ ‘ಸಕುಟುಂಬ ಸಪರಿವಾರ’ ಎಂಬ ನಮ್ಮ ಉದಾರ ಮಾತಿಗೆ ಅಲ್ಲಿ ಎಡೆಯಿಲ್ಲ. ಲಕೋಟೆಯ ಮೇಲೆ ಯಾರ ಹೆಸರಿದೆಯೋ ಅವರೇ ಬರಬೇಕು. ಸಹೋದ್ಯೋಗಿಗಳು ಸಾಮಾನ್ಯವಾಗಿ 30,000 ಯೆನ್ ಮುಯ್ಯಿಯನ್ನು, ಹೊಸ ನೋಟುಗಳಲ್ಲಿ, ವಿಶೇಷ ಲಕೋಟೆಯಲ್ಲಿಟ್ಟು ತರುತ್ತಾರೆ. ಇಷ್ಟು ಭಾರವಾದದ್ದನ್ನು ತೀರ ದೂರದ ಪರಿಚಯದವರ ಮೇಲೆ ಹೇರಬಾರದೆಂದೇ ‘ನಿಜಿಕಾಯ್’ ಎಂಬ ಎರಡನೆಯ ಕೂಟವಿದೆ. ಅದಕ್ಕೆ ಗೆಳೆಯರು ಮುಂದಾಳುಗಳು, ಖರ್ಚಿಗೆ ತಕ್ಕ ಶುಲ್ಕವನ್ನು ಮೊದಲೇ ತಿಳಿಸಿರುತ್ತಾರೆ.

ಆಫೀಸಿನವರನ್ನು ಸಂಸ್ಕಾರಕ್ಕೆ ಕರೆಯದಿದ್ದರೆ ಅವರ ಮಾನ ಕಡಿಮೆಯಾಯಿತೇ? ಹಿರೋಎನ್‌ನ ಕುರ್ಚಿಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ವಧೂವರರು ಕೂರುವ ಎತ್ತರದ ಮೇಜಿಗೆ ‘ತಕಾಸಾಗೊ’ ಎನ್ನುತ್ತಾರೆ. ಅದಕ್ಕೆ ತೀರ ಹತ್ತಿರದ ಮೇಜು ಮೇಲಧಿಕಾರಿಯದು, ಮೊದಲ ಭಾಷಣವೂ ಹೆಚ್ಚಾಗಿ ಅವರದೇ. ನಂತರ ಸಹೋದ್ಯೋಗಿಗಳು, ಗೆಳೆಯರು. ಅವರ ಹಿಂದೆ ನೆಂಟರು. ಹೆತ್ತ ತಂದೆತಾಯಿ ಎಲ್ಲರಿಗಿಂತ ಕೊನೆಯಲ್ಲಿ, ಬಾಗಿಲ ಬಳಿ. ದೇಗುಲದಲ್ಲಿ ಒಳಗಿದ್ದವರು ಇಲ್ಲಿ ಅತಿಥೇಯರು. ಅಲ್ಲಿಗೆ ಬಾರದವರು ಇಲ್ಲಿ ಮೊದಲ ಪಂಕ್ತಿಯವರು. ಯಾರಿಗೆ ಸಾರಬೇಕೋ ಅವರೇ ಮುಂದೆ ಕೂತಿದ್ದಾರೆ.

ನಮ್ಮಲ್ಲಿ ಈ ತೊಡಕು ತೀರ ಹೊಸದು. ಬೆಂಗಳೂರು, ಮೈಸೂರಿನ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಮುಹೂರ್ತ, ಎರಡೂ ಒಂದೇ ಪತ್ರಿಕೆಯಲ್ಲಿ. ಯಾವುದಕ್ಕೆ ಬಂದರೂ ಸಂತೋಷ. ಮಂಟಪದ ಬಾಗಿಲಲ್ಲಿ ತಡೆಯುವವರಿಲ್ಲ. ಈಗ ದೇವಸ್ಥಾನದಲ್ಲೋ ದೂರದ ರೆಸಾರ್ಟಿನಲ್ಲೋ ಕೆಲವೇ ಜನರ ಎದುರು ಧಾರೆಯಾಗಿ, ಆಮೇಲೆ ಊರಿನಲ್ಲಿ ಆರತಕ್ಷತೆ ಇಟ್ಟುಕೊಳ್ಳುವವರು ಹೆಚ್ಚುತ್ತಿದ್ದಾರೆ. ಅವರ ಪತ್ರಿಕೆಗಳಲ್ಲಿ ‘ವಿವಾಹವು ಆಪ್ತರಿಗಷ್ಟೇ ಸೀಮಿತ’ ಎಂಬ ಸಾಲು ಕಾಣಿಸಿಕೊಳ್ಳುತ್ತಿದೆ. ಓದಿದವನು ತಾನು ಆಪ್ತನಲ್ಲ ಎಂದು ಅಚ್ಚಿನಲ್ಲಿ ತಿಳಿದುಕೊಳ್ಳುತ್ತಾನೆ.

ಅದರ ಬದಲು ಹೀಗೆ ಬರೆಯಬಹುದು: ‘ಗುರುಹಿರಿಯರ ಸಮ್ಮುಖದಲ್ಲಿ ವಿವಾಹಿತರಾದ ನಮ್ಮ ಮಗಳು ಅಳಿಯನನ್ನು ನಿಮಗೆ ಪರಿಚಯಿಸುವ ಸಂತೋಷ ನಮ್ಮದು. ಆರತಕ್ಷತೆಗೆ ಬಂದು ಹರಸಿ.’ ಮುಹೂರ್ತದ ಹೊತ್ತು, ಜಾಗ ಇದರಲ್ಲಿ ಬೇಡ. ಮುಹೂರ್ತ ಇನ್ನೂ ಮುಂದಿದ್ದರೆ ಕರೆದ ಮನೆಗಳ ಲಕೋಟೆಯಲ್ಲಿ ಒಂದು ಚೀಟಿ ಇಡಿ, ಅಥವಾ ಮನೆಗೆ ಹೋಗಿ ಬಾಯಲ್ಲಿ ಹೇಳಿ. ಪತ್ರಿಕೆ ಅಚ್ಚಿಗೆ ಕೊಡುವ ಮುನ್ನ ‘ಮಾತ್ರ’, ‘ಅಷ್ಟೇ’, ‘ಸೀಮಿತ’ ಎಂಬ ಮೂರು ಪದಗಳನ್ನು ಹುಡುಕಿ ಹೊಡೆದುಹಾಕಿ.