ಚಾರ್‌ಮಿನಾರಿನ ಬಾಗಿಲಲ್ಲೊಂದು ಅಕ್ಷರ

ಬೀದರ, ಭಾಲ್ಕಿ, ಔರಾದ ಕಡೆಯ ಹಳೆಯ ಮನೆಗಳಲ್ಲಿ, ದೇವರ ಜಗಲಿಯ ಮೇಲೋ ಪೆಟ್ಟಿಗೆಯ ತಳದಲ್ಲೋ ಚಾರ್‌ಮಿನಾರಿನ ಚಿತ್ರವಿರುವ ಬೆಳ್ಳಿ ರೂಪಾಯಿ ಸಿಗುವುದು ಅಪರೂಪವಲ್ಲ. ಮನೆಯ ಹುಡುಗರು ಅದರ ಫೋಟೋ ತೆಗೆದು ಬಲ್ಲವರಿಗೆ ಕಳಿಸುತ್ತಾರೆ. ಕೇಳುವುದು ಎರಡೇ ಪ್ರಶ್ನೆ: ಇದು ಯಾವ ಕಾಲದ್ದು? ಎಷ್ಟು ಬಾಳುತ್ತದೆ? ಉರ್ದು ಲಿಪಿ ಕಂಡೊಡನೆ ‘ಮೊಘಲರ ಕಾಲದ್ದು, ಲಕ್ಷ ಬರುತ್ತದೆ’ ಎನ್ನುವವರಿದ್ದಾರೆ. ‘ಸವಕಲು ನಾಣ್ಯ, ತೂಕಕ್ಕೆ ಹಾಕಿ’ ಎನ್ನುವವರೂ ಇದ್ದಾರೆ. ಮೊದಲನೆಯವರನ್ನು ನಂಬಿದವನು ನಿರಾಶನಾಗುತ್ತಾನೆ. ಎರಡನೆಯವರನ್ನು ನಂಬಿದವನು ಒಮ್ಮೊಮ್ಮೆ ಒಳ್ಳೆಯ ನಾಣ್ಯವನ್ನೇ ಕರಗಿಸಿಬಿಡುತ್ತಾನೆ. ನಾಣ್ಯ ಮಾತ್ರ ತನ್ನ ವಯಸ್ಸನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ.

ಇದರ ಹೆಸರು ಹಾಲಿ ಸಿಕ್ಕಾ. ಚಲಾವಣೆಯಲ್ಲಿರುವ ನಾಣ್ಯ ಎಂಬುದು ಅದರ ಅರ್ಥ. ಈ ಮೂರೂ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. ಬ್ರಿಟಿಷರ ಆಳ್ವಿಕೆ ನಡೆದಿದ್ದಾಗಲೂ ಸಂಸ್ಥಾನ ತನ್ನದೇ ನಾಣ್ಯವನ್ನು ಬಿಟ್ಟಿರಲಿಲ್ಲ. ಬ್ರಿಟಿಷ್ ರೂಪಾಯಿಯನ್ನು ಇಲ್ಲಿನ ಜನ ಕಲ್ದಾರ್ ಎನ್ನುತ್ತಿದ್ದರು. ಲೆಕ್ಕಕ್ಕೆ ಏಳು ಹಾಲಿ ರೂಪಾಯಿ ಎಂದರೆ ಸುಮಾರು ಆರು ಕಲ್ದಾರ್. ಈ ದರಕ್ಕೆ ಕಾರಣ ನಾಣ್ಯದ ಒಳಗೇ ಇದೆ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 82ರಷ್ಟು, ಅಂದರೆ ಒಂಬತ್ತು ಗ್ರಾಂಗಿಂತ ತುಸು ಹೆಚ್ಚು. ಕಲ್ದಾರಿನಲ್ಲಿ ಹತ್ತೂವರೆ ಗ್ರಾಂಗಿಂತ ತುಸು ಹೆಚ್ಚು ಬೆಳ್ಳಿ. ಗುಣಿಸಿ ನೋಡಿದರೆ ಏಳಕ್ಕೆ ಆರರ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಚಾರ್‌ಮಿನಾರಿನ ಚಿತ್ರ ನಾಣ್ಯದ ಮೇಲೆ ಬಂದದ್ದು 1903-04ರ ಸುಮಾರಿಗೆ, ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಕಾಲದಲ್ಲಿ. ಹೀಗಾಗಿ ಫೋಟೋದಲ್ಲಿ ಚಾರ್‌ಮಿನಾರ್ ಕಂಡರೆ ಆ ನಾಣ್ಯ ಮೊಘಲರದ್ದಾಗಲು ಸಾಧ್ಯವೇ ಇಲ್ಲ. ಇನ್ನು ನೋಡಬೇಕಾದದ್ದು ಕಟ್ಟಡದ ನಡುವಿನ ಬಾಗಿಲನ್ನು. ಅಲ್ಲೊಂದು ಪುಟ್ಟ ಅಕ್ಷರವಿದೆ. ಸಣ್ಣ ಉಂಗುರಕ್ಕೆ ಬಾಲ ಬಂದಂತಿದ್ದರೆ ಅದು ‘ಮೀಮ್’, ಮೆಹಬೂಬ್ ಹೆಸರಿನ ಮೊದಲಕ್ಷರ. ಬಲಕ್ಕೆ ಬಾಯಿ ತೆರೆದ ಕೊಕ್ಕೆಯಂತಿದ್ದರೆ ಅದು ‘ಐನ್’, ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನ್ ಹೆಸರಿನದು. ಸಂಗ್ರಾಹಕರ ಕಣ್ಣು ಮೊದಲು ಹೋಗುವುದು ಇಲ್ಲಿಗೇ. ಉಸ್ಮಾನ್ ಅಲಿಯ ಆರಂಭದ ನಾಣ್ಯಗಳಲ್ಲಿ ಐನ್ ಅಕ್ಷರ ಅರ್ಧ ರೂಪದಲ್ಲಿಯೂ ನಂತರದವುಗಳಲ್ಲಿ ಪೂರ್ಣ ರೂಪದಲ್ಲಿಯೂ ಇದೆ. ಮಸುಕು ಫೋಟೋದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ನಂತರದ್ದು ಇಸವಿ. ಅದು ಹಿಜರಿ ಶಕೆಯಲ್ಲಿರುತ್ತದೆ. ಭಾಲ್ಕಿಯ ಮನೆಯೊಂದರಿಂದ ಐನ್ ಅಕ್ಷರದ ರೂಪಾಯಿಯ ಫೋಟೋ ಬಂದಿದೆ, ಚಾರ್‌ಮಿನಾರ್ ಇರುವ ಮಗ್ಗುಲಲ್ಲಿ 1337 ಎಂದಿದೆ ಎಂದು ಇಟ್ಟುಕೊಳ್ಳೋಣ. ಹಿಜರಿ ವರ್ಷ ಚಾಂದ್ರಮಾನದ್ದು. ನಮ್ಮ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ಬರೇ 622 ಕೂಡಿಸಿದರೆ 1959 ಎಂಬ ಉತ್ತರ ಬಂದು ಕೆಡುತ್ತದೆ. ಮೊದಲು ನೂರಕ್ಕೆ ಮೂರರಂತೆ ಕಳೆಯಬೇಕು. 1337ರಲ್ಲಿ 40 ಕಳೆದರೆ 1297. ಅದಕ್ಕೆ 622 ಕೂಡಿಸಿದರೆ 1919. ಒಂದು ವರ್ಷ ಆಚೀಚೆ ಆಗಬಹುದು. ಇಲ್ಲಿ 1337 ಎಂದರೆ 1918ರ ಅಕ್ಟೋಬರಿನಿಂದ 1919ರ ಸೆಪ್ಟೆಂಬರ್‌ವರೆಗಿನ ಅವಧಿ.

ಈ ಉತ್ತರವನ್ನು ತಾಳೆ ನೋಡುವ ಉಪಾಯವೂ ನಾಣ್ಯದಲ್ಲೇ ಇದೆ. ಹಿಂಬದಿಯಲ್ಲಿ ಟಂಕಸಾಲೆಯ ಊರಾದ ಹೈದರಾಬಾದಿನ ಹೆಸರಿನೊಂದಿಗೆ, ದೊರೆ ಪಟ್ಟವೇರಿ ಎಷ್ಟನೆಯ ವರ್ಷ ಎಂಬ ಅಂಕಿಯೂ ಇರುತ್ತದೆ. ಉಸ್ಮಾನ್ ಅಲಿ ಪಟ್ಟಕ್ಕೆ ಬಂದದ್ದು 1911ರಲ್ಲಿ, ಹಿಜರಿ 1329ರಲ್ಲಿ. ಹಾಗಾದರೆ 1337ರ ನಾಣ್ಯದ ಹಿಂದೆ 8 ಅಥವಾ ಅದರ ಹತ್ತಿರದ ಅಂಕಿ ಇರಬೇಕು. ಅಲ್ಲಿ 25 ಎಂದಿದ್ದರೆ ಓದಿದವರು ಎಲ್ಲೋ ಎಡವಿದ್ದಾರೆ, ಇಲ್ಲವೆ ನಾಣ್ಯವೇ ಕೃತಕ.

ಎಡವುವುದು ಸುಲಭ. ಉರ್ದು ಅಂಕಿಯ ಏಳು ಮೇಲಕ್ಕೆ ಬಾಯಿ ತೆರೆದ ಎರಡು ಓರೆ ಗೆರೆ. ಎಂಟು ಅದೇ ಗೆರೆಗಳನ್ನು ಬೋರಲು ಹಾಕಿದ್ದು. ಹಿಂಬದಿಯ ಫೋಟೋ ತಲೆಕೆಳಗಾಗಿ ಬಂದರೆ ಏಳು ಎಂಟಾಗುತ್ತದೆ. ಚಾರ್‌ಮಿನಾರ್ ಇರುವ ಬದಿಯಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುತ್ತದೆ. ಹಿಂಬದಿಯಲ್ಲಿ ಬರೀ ಬರಹ. ಇನ್ನೊಂದು ತೊಡಕು 92 ಎಂಬ ಅಂಕಿ. ನಿಜಾಮರ ನಾಣ್ಯಗಳ ಮೇಲೆ ಬರಹದ ಜೊತೆ ಇದನ್ನು ಕಂಡವರು 1892 ಎಂದು ತಿಳಿಯುವುದುಂಟು. ಅದು ಇಸವಿಯೇ ಅಲ್ಲ. ಅರಬ್ಬೀ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯಲ್ಲಿ ‘ಮಹಮ್ಮದ್’ ಎಂಬ ಹೆಸರಿನ ಮೊತ್ತ: 40, 8, 40, 4.

ಚಾರ್‌ಮಿನಾರ್ ಇಲ್ಲದ, ಇನ್ನೂ ಹಳೆಯ ಬೆಳ್ಳಿ ನಾಣ್ಯ ಸಿಕ್ಕರೆ ಮಾತು ಬೇರೆ. ಹೈದರಾಬಾದಿನಲ್ಲಿ ಟಂಕಿಸಿದ ನಾಣ್ಯಗಳು 1857ರವರೆಗೂ ದೆಹಲಿಯ ಬಾದಶಹರ ಹೆಸರನ್ನೇ ಹೊತ್ತಿದ್ದವು. ಹೆಸರು ಮೊಘಲರದ್ದು, ಅಧಿಕಾರ ನಿಜಾಮರದ್ದು. ಹೆಸರನ್ನಷ್ಟೇ ಓದಿ ಕಾಲ ಹೇಳುವವರು ಬೀಳುವ ಹೊಂಡ ಇದೇ. ಬೀದರಿನ ಸುತ್ತ ಹೊಲಗಳಲ್ಲಿ ಸಿಗುವ ದಪ್ಪ ತಾಮ್ರದ ತುಂಡುಗಳು ಬಹಮನಿ ಕಾಲದವೂ ಆಗಿರಬಹುದು. 15ನೆಯ ಶತಮಾನದಲ್ಲಿ ಅಹ್ಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಆಗಿನ ಅಚ್ಚು ಹಲವು ವೇಳೆ ತಾಮ್ರದ ಬಿಲ್ಲೆಗಿಂತ ದೊಡ್ಡದಿರುತ್ತಿದ್ದುದರಿಂದ ದೊರೆಯ ಹೆಸರಿನ ಒಂದು ತುಣುಕಷ್ಟೇ ಬಿದ್ದಿರುತ್ತದೆ. ತೂಕ ಗೊತ್ತಿಲ್ಲದೆ, ಎರಡೂ ಬದಿ ನೋಡದೆ, ಒಂದೇ ಫೋಟೋ ಹಿಡಿದು ಅಂಥದ್ದರ ದೊರೆಯನ್ನು ಹೆಸರಿಸುವವರನ್ನು ನಂಬದಿರುವುದೇ ಲೇಸು.

ಇನ್ನು ಬೆಲೆಯ ಮಾತು. 1337ರ ಆ ರೂಪಾಯಿ ನೂರು ವರ್ಷ ದಾಟಿದ್ದರೂ ಅಪರೂಪದ್ದಲ್ಲ. ಆ ವರ್ಷಗಳಲ್ಲಿ ಅವನ್ನು ಯಥೇಚ್ಛವಾಗಿ ಹೊಡೆದಿದ್ದರು. ಸವೆದ ನಾಣ್ಯವಾದರೆ ಒಳಗಿನ ಒಂಬತ್ತು ಗ್ರಾಂ ಬೆಳ್ಳಿಯ ಬೆಲೆಗಿಂತ ಸಂಗ್ರಾಹಕ ಹೆಚ್ಚೇನೂ ಕೊಡುವುದಿಲ್ಲ. ಮಿನಾರುಗಳ ಸಣ್ಣ ಗೆರೆಗಳು ಮಾಸದೆ ಉಳಿದಿದ್ದರೆ ಅವನ ಆಸಕ್ತಿ ಏರುತ್ತದೆ. ನಮ್ಮ ಕಡೆ ರೂಪಾಯಿಗಳನ್ನು ಸರಕ್ಕೆ ಪೋಣಿಸುವ ರೂಢಿಯಿತ್ತು. ಕೊಂಡಿ ಬೆಸೆದು ತೆಗೆದ ಗುರುತು ಅಂಚಿನಲ್ಲಿದ್ದರೆ ಬೆಲೆ ಇಳಿಯುತ್ತದೆ. ಫೋಟೋ ಚೆನ್ನಾಗಿ ಬರಲೆಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರಂತೂ ಹಳೆಯ ಮೈಬಣ್ಣ ಹೋಗಿ, ಉಳಿದ ಬೆಲೆಯೂ ಹೋಗುತ್ತದೆ.

ಇದೇ ಚಿತ್ರದ ಚಿನ್ನದ ಅಶ್ರಫಿಯೂ ಇತ್ತು. ಆದ್ದರಿಂದ ಬೆಳ್ಳಿ ರೂಪಾಯಿಗೆ ಚಿನ್ನದ ನೀರು ಕುಡಿಸಿ ಅಶ್ರಫಿ ಎಂದು ಮಾರುವ ಮೋಸಕ್ಕೆ ದಾರಿಯಿದೆ. ಫೋಟೋದಲ್ಲಿ ಎರಡೂ ಒಂದೇ ಬಣ್ಣ. ಚಿನ್ನ ಬೆಳ್ಳಿಗಿಂತ ಬಹಳ ಭಾರದ ಲೋಹವಾದ್ದರಿಂದ ಅಷ್ಟೇ ತೂಕದ ಅಶ್ರಫಿಯ ಗಾತ್ರ ಕಿರಿದು. ರೂಪಾಯಿಯ ಅಗಲ ಸುಮಾರು 30 ಮಿಲಿಮೀಟರ್. ಹಾಗಾಗಿ ಬಲ್ಲವರು ಫೋಟೋದಲ್ಲಿ ನಾಣ್ಯದ ಪಕ್ಕ ಅಳತೆಪಟ್ಟಿ ಇಡಲು ಹೇಳುತ್ತಾರೆ. ಎರಡೂ ಬದಿ ಮತ್ತು ಅಂಚಿನ ಚಿತ್ರ ಕೇಳುತ್ತಾರೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದ ತೂಕವನ್ನೂ ಕೇಳುತ್ತಾರೆ. ಎರಕ ಹೊಯ್ದ ನಕಲಿಯಾದರೆ ಅಂಚಿನಲ್ಲಿ ಬೆಸುಗೆಯ ಗೆರೆಯೋ ಮೈಮೇಲೆ ಸಣ್ಣ ಸಣ್ಣ ಗುಳಿಗಳೋ ಕಾಣುತ್ತವೆ.

ಪೆಟ್ಟಿಗೆಯಲ್ಲಿ ಸಿಕ್ಕ ಅಜ್ಜನ ರೂಪಾಯಿ ಮನೆಯವರದೇ. ಔರಾದದ ಹೊಲದಲ್ಲಿ ನೇಗಿಲಿಗೆ ಸಿಕ್ಕ ಗಡಿಗೆ ಹಾಗಲ್ಲ. ನಿಧಿ ಕಾಯಿದೆಯ ಪ್ರಕಾರ, ಹೂತಿಟ್ಟ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಅದರ ಫೋಟೋ ಮೊದಲು ಹೋಗಬೇಕಾದದ್ದು ವ್ಯಾಪಾರಿಗಲ್ಲ, ಆ ಕಚೇರಿಗೆ.